ಗೌರವ ಪಾಸ್‌ಗಳಿಗೆ ಬೇರೆ ಖಾತೆ: ಪ್ರಾಯೋಜಕರು, ಭಾಷಣಕಾರರು ಮತ್ತು ಪತ್ರಕರ್ತರ ಪಟ್ಟಿಯನ್ನು ನಿಭಾಯಿಸುವ ಕ್ರಮ

ಟಿಕೆಟ್ ಇಟ್ಟು ನಡೆಸುವ ಸಮ್ಮೇಳನವೊಂದರಲ್ಲಿ ನಾನು ಮೊದಲ ಸಲ ಪಾಸ್‌ಗಳ ಜವಾಬ್ದಾರಿ ಹೊತ್ತಾಗ, ಉಚಿತವಾಗಿ ಬರುವವರಿಗೆಲ್ಲ ಟಿಕೆಟ್ ತಾಣದಲ್ಲಿಯೇ ನೂರಕ್ಕೆ ನೂರು ರಿಯಾಯಿತಿಯ ಕೋಡ್‌ಗಳನ್ನು ಮಾಡಿ ಹಂಚಿದ್ದೆವು. ಕೆಲಸ ಬಹಳ ಸುಲಭವಾಯಿತೆಂದು ಎಲ್ಲರೂ ಸಂತೋಷಪಟ್ಟಿದ್ದೆವು. ಮುಖ್ಯ ಪ್ರಾಯೋಜಕ ಸಂಸ್ಥೆಗೆ ಕೊಟ್ಟಿದ್ದ, ಇಪ್ಪತ್ತು ಸಲ ಬಳಸಬಹುದಾದ ಒಂದೇ ಕೋಡನ್ನು ಅಲ್ಲಿನ ಯಾರೋ ಒಬ್ಬರು ತಮ್ಮ ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದ ಊಟದ ವೇಳೆಗೆ ಇಪ್ಪತ್ತೂ ಮುಗಿದಿದ್ದವು. ಆ ಸಂಸ್ಥೆಯ ನಿರ್ದೇಶಕರು ಮರುದಿನ ಅದೇ ಕೋಡನ್ನು ಹಾಕಿ ನೋಡಿದಾಗ ‘ಅವಧಿ ಮುಗಿದಿದೆ’ ಎಂಬ ಉತ್ತರ ಬಂತು. ಅದಕ್ಕಿಂತ ದೊಡ್ಡ ತೊಂದರೆ ತಡವಾಗಿ ತಿಳಿಯಿತು. ತಾಣದ ವರದಿಯಲ್ಲಿ ಉಚಿತ ಪ್ರವೇಶಗಳು ಪೂರ್ಣ ಬೆಲೆಯ ಮಾರಾಟವೆಂದೂ, ಅಷ್ಟೇ ಮೊತ್ತ ರಿಯಾಯಿತಿಯೆಂದೂ ದಾಖಲಾಗಿದ್ದವು. ನಮ್ಮ ಖಜಾಂಚಿಯವರು ಮೊದಲ ಅಂಕಣವನ್ನಷ್ಟೇ ನೋಡಿ, ಬಾರದ ಹಣವನ್ನು ನಂಬಿ ಊಟದ ಗುತ್ತಿಗೆದಾರರಿಗೆ ಮುಂಗಡ ಒಪ್ಪಿಕೊಂಡಿದ್ದರು.

ಆ ಬಳಿಕ ನಾನು ಪಾಲಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಇದರ ತಿರುಳು ಇಷ್ಟೇ: ಪಾಸ್‌ಗಳ ಖಾತೆ ಟಿಕೆಟ್ ಖಾತೆಯಿಂದ ಬೇರೆಯಾಗಿರಬೇಕು, ಆದರೆ ಆಸನಗಳ ಒಟ್ಟು ಲೆಕ್ಕ ಮಾತ್ರ ಒಂದೇ ಆಗಿರಬೇಕು. ಹಣ ಕೊಡದೆ ಬಂದವರೂ ಒಂದು ಕುರ್ಚಿಯಲ್ಲಿ ಕೂರುತ್ತಾರೆ ಎಂಬುದನ್ನು ಮರೆತರೆ ಬಾಗಿಲಲ್ಲಿ ಜಗಳವಾಗುತ್ತದೆ. ಅವರು ಹಣ ಕೊಟ್ಟಿಲ್ಲ ಎಂಬುದನ್ನು ಮರೆತರೆ ಲೆಕ್ಕಪತ್ರದಲ್ಲಿ ಜಗಳವಾಗುತ್ತದೆ.

ಮೊದಲು ಕುರ್ಚಿಗಳನ್ನು ಎಣಿಸುವುದು

ಟಿಕೆಟ್ ಮಾರಾಟ ತೆರೆಯುವುದಕ್ಕೆ ಮುಂಚೆಯೇ ಪಾಸ್‌ಗಳ ಸಂಖ್ಯೆ ಇತ್ಯರ್ಥವಾಗಬೇಕು. ಲೆಕ್ಕವನ್ನು ಕಣ್ಣೆದುರಿಗೆ ಇಟ್ಟುಕೊಳ್ಳಲು 480 ಆಸನಗಳ ಸಭಾಂಗಣದಲ್ಲಿ ಎರಡು ದಿನ ನಡೆಯುವ, 750 ರೂಪಾಯಿ ಟಿಕೆಟ್ಟಿನ ಒಂದು ಸಮ್ಮೇಳನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಭಾಂಗಣದವರು ಹೇಳುವ ಸಂಖ್ಯೆಯನ್ನು ಹಾಗೆಯೇ ನಂಬದೆ ಒಮ್ಮೆ ಒಳಗೆ ನಡೆದು ನೋಡಬೇಕು. ಧ್ವನಿ ಮತ್ತು ಬೆಳಕಿನ ಮೇಜು ಇಡುವ ಜಾಗ, ಕ್ಯಾಮೆರಾ ವೇದಿಕೆಯ ಹಿಂದೆ ಏನೂ ಕಾಣದ ಕುರ್ಚಿಗಳು, ಮುರಿದ ಕೈಗಳ ಕುರ್ಚಿಗಳು ಇವನ್ನೆಲ್ಲ ಕಳೆದರೆ 460 ಉಳಿಯುತ್ತವೆ ಎಂದುಕೊಳ್ಳೋಣ. ಇನ್ನು ಮುಂದೆ ಎಲ್ಲ ಲೆಕ್ಕವೂ ಈ 460ರಿಂದಲೇ ನಡೆಯುತ್ತದೆ.

ಮುಖ್ಯ ಪ್ರಾಯೋಜಕರಿಗೆ 20, ಇಬ್ಬರು ಸಹ ಪ್ರಾಯೋಜಕರಿಗೆ ತಲಾ 10, ಸಣ್ಣ ಮೊತ್ತ ಕೊಟ್ಟ ನಾಲ್ವರಿಗೆ ತಲಾ 4, ಹೀಗೆ ಪ್ರಾಯೋಜಕರ ಪಾಲು 56 ಆಗುತ್ತದೆ. ಭಾಷಣಕಾರರು 22 ಮಂದಿ, ಅವರೊಂದಿಗೆ ಬರುವವರು ತಲಾ ಒಬ್ಬರಂತೆ ಇನ್ನೂ 22, ಒಟ್ಟು 44. ಪತ್ರಿಕೆ ಮತ್ತು ವಾಹಿನಿಗಳ ವರದಿಗಾರರು 14; ಅವರ ಜೊತೆ ಬರುವ 10 ಛಾಯಾಗ್ರಾಹಕರಿಗೆ ಪಾಸ್ ಬೇಕು, ಆದರೆ ಅವರು ಕ್ಯಾಮೆರಾ ವೇದಿಕೆಯಲ್ಲಿ ನಿಲ್ಲುವವರಾದ್ದರಿಂದ ಆಸನ ಬೇಡ. ಸಂಘಟಕರು ಕರೆಯುವ ಗಣ್ಯರು ಮತ್ತು ದಾನಿಗಳಿಗೆ 10, ಕೊನೆಯ ಗಳಿಗೆಯ ಕೈಮೀಸಲು 6. ಇವೆಲ್ಲ ಸೇರಿ 140 ಪಾಸ್‌ಗಳು, 130 ಆಸನಗಳು. ಮಾರಾಟಕ್ಕೆ ಉಳಿಯುವುದು 330. ಟಿಕೆಟ್ ತಾಣದಲ್ಲಿ ಮಾರಾಟದ ಮಿತಿಯಾಗಿ ನಮೂದಿಸಬೇಕಾದ ಸಂಖ್ಯೆ ಇದೇ; 460 ಎಂದು ಹಾಕಿ ‘ಆಮೇಲೆ ನೋಡಿಕೊಂಡರಾಯಿತು’ ಎಂದರೆ ಜನಪ್ರಿಯ ಕಾರ್ಯಕ್ರಮದಲ್ಲಿ ಒಂದೇ ವಾರದಲ್ಲಿ ಪಾಸ್‌ನವರ ಕುರ್ಚಿಗಳೂ ಮಾರಾಟವಾಗಿರುತ್ತವೆ.

ಈ ಹಂತದಲ್ಲಿ ಸಂಘಟನಾ ಸಮಿತಿಯವರು 130ನ್ನು ನೋಡಿ ಬೆಚ್ಚಿಬೀಳುವುದು ಸಹಜ, ಮತ್ತು ಬೆಚ್ಚಿಬೀಳಲಿ ಎಂಬುದೇ ನನ್ನ ಆಶಯ. 130 ಕುರ್ಚಿಗಳು ಟಿಕೆಟ್ ಬೆಲೆಯಲ್ಲಿ 97,500 ರೂಪಾಯಿಗೆ ಸಮ. ಯಾರಿಗೆ ಕಡಿಮೆ ಮಾಡಬೇಕು ಎಂಬ ಚರ್ಚೆ ನಡೆಯಬೇಕಾದುದು ಈಗಲೇ ಹೊರತು ಪಾಸ್ ಮುದ್ರಣವಾದ ಮೇಲಲ್ಲ.

ಖಾತೆಯ ಹಾಳೆ

ಇದಕ್ಕೆ ವಿಶೇಷ ತಂತ್ರಾಂಶವೇನೂ ಬೇಕಿಲ್ಲ; ಹಂಚಿಕೊಳ್ಳಬಹುದಾದ ಒಂದು ಸ್ಪ್ರೆಡ್‌ಶೀಟ್ ಸಾಕು. ಹಾಳೆಯ ಒಂದು ಸಾಲು ಎಂದರೆ ಒಬ್ಬ ವ್ಯಕ್ತಿ. ‘ಇಂಥ ಸಂಸ್ಥೆ, 10 ಪಾಸ್’ ಎಂದು ಒಂದೇ ಸಾಲಿನಲ್ಲಿ ಬರೆದಿಡುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು, ಏಕೆಂದರೆ ಹತ್ತರಲ್ಲಿ ಎಷ್ಟು ಮಂದಿ ಬಂದರು, ಯಾರು ಬರಲಿಲ್ಲ ಎಂಬುದು ಆ ಸಾಲಿನಿಂದ ಎಂದಿಗೂ ತಿಳಿಯುವುದಿಲ್ಲ. ಹೆಸರು ಇನ್ನೂ ಬಂದಿರದಿದ್ದರೂ ಹತ್ತು ಖಾಲಿ ಸಾಲುಗಳನ್ನು ಮಾಡಿ, ಪ್ರತಿಯೊಂದಕ್ಕೂ ಪಾಸ್ ಸಂಖ್ಯೆ ಕೊಟ್ಟುಬಿಡಬೇಕು.

ಅಂಕಣಗಳು ಹತ್ತು. A ಅಂಕಣದಲ್ಲಿ ಪಾಸ್ ಸಂಖ್ಯೆ, B ಅಂಕಣದಲ್ಲಿ ವರ್ಗ, C ಅಂಕಣದಲ್ಲಿ ಆ ಪಾಸ್ ಕೊಡಲು ಒಪ್ಪಿದ ನಮ್ಮ ಕಡೆಯವರ ಹೆಸರು, D ಅಂಕಣದಲ್ಲಿ ಸಂಸ್ಥೆ, E ಮತ್ತು F ಅಂಕಣಗಳಲ್ಲಿ ಬರುವವರ ಹೆಸರು ಮತ್ತು ಮೊಬೈಲ್, G ಅಂಕಣದಲ್ಲಿ ಪಾಸ್‌ನ ಸ್ಥಿತಿ, H ಅಂಕಣದಲ್ಲಿ ಆಸನ ಬೇಕಿದ್ದರೆ 1, ಬೇಡವಾದರೆ 0, I ಮತ್ತು J ಅಂಕಣಗಳಲ್ಲಿ ಎರಡು ದಿನಗಳ ಪ್ರವೇಶದ ಸಮಯ. ವರ್ಗಗಳಿಗೆ ನಾನು ನಾಲ್ಕು ಸಂಕೇತಗಳನ್ನು ಬಳಸುತ್ತೇನೆ: ಪ್ರಾಯೋಜಕರಿಗೆ SPN, ಭಾಷಣಕಾರರಿಗೆ SPK, ಪತ್ರಕರ್ತರಿಗೆ PRS, ಆಹ್ವಾನಿತರಿಗೆ INV. ಪಾಸ್ ಸಂಖ್ಯೆಯೂ ಅದರಿಂದಲೇ ಹುಟ್ಟುತ್ತದೆ: SPN-03-07 ಎಂದರೆ ಮೂರನೆಯ ಪ್ರಾಯೋಜಕರ ಏಳನೆಯ ಪಾಸ್. ಬಾಗಿಲಲ್ಲಿರುವ ಸ್ವಯಂಸೇವಕರಿಗೆ ಇದನ್ನು ಒಮ್ಮೆ ಹೇಳಿದರೆ ಪಾಸ್ ನೋಡಿದೊಡನೆಯೇ ಯಾರ ಕಡೆಯವರು ಬಂದರು ಎಂಬುದು ಗೊತ್ತಾಗುತ್ತದೆ.

ಸ್ಥಿತಿಯ ಅಂಕಣದಲ್ಲಿ ಮೂರೇ ಪದಗಳು ಇರಬೇಕು. ಹೆಸರು ಬಾರದೆ ಕಾಯ್ದಿರಿಸಿದ್ದು HELD, ಹೆಸರು ಬಂದು ಪಾಸ್ ಕಳುಹಿಸಿದ್ದು ISSUED, ಮಾರಾಟಕ್ಕೆ ಹಿಂದಿರುಗಿಸಿದ್ದು RELEASED. ಸಾಲನ್ನು ಅಳಿಸುವ ಅಧಿಕಾರ ಯಾರಿಗೂ ಇರಬಾರದು; ಪಾಸ್ ರದ್ದಾದರೂ ಸಾಲು ಉಳಿಯುತ್ತದೆ, ಸ್ಥಿತಿ ಮಾತ್ರ ಬದಲಾಗುತ್ತದೆ. ಈ ಶಿಸ್ತು ಇದ್ದರೆ ಟಿಕೆಟ್ ತಾಣದಲ್ಲಿ ಇರಬೇಕಾದ ಮಾರಾಟದ ಮಿತಿಯನ್ನು ಹಾಳೆಯೇ ಲೆಕ್ಕ ಹಾಕಿ ಕೊಡುತ್ತದೆ:

```
=460-SUMIFS(H:H,G:G,"<>RELEASED")
```

ಪಾಸ್‌ಗಳ ಆಸನಗಳನ್ನೆಲ್ಲ ಕೂಡಿ, ಹಿಂದಿರುಗಿಸಿದವನ್ನು ಬಿಟ್ಟು, ಉಳಿದದ್ದನ್ನು 460ರಿಂದ ಕಳೆಯುವ ಸೂತ್ರವಿದು. ಇದನ್ನು ಬೇರೊಂದು ಹಾಳೆಯಲ್ಲಿ ಬರೆಯುವುದಾದರೆ ಅಂಕಣಗಳ ಅಕ್ಷರಕ್ಕೆ ಮೊದಲು ಹಾಳೆಯ ಹೆಸರನ್ನೂ ಸೇರಿಸಬೇಕು. ಮೊದಲ ದಿನ ಇದು 330 ಎಂದು ತೋರಿಸಬೇಕು. ತೋರಿಸದಿದ್ದರೆ H ಅಂಕಣದಲ್ಲಿ ಯಾರೋ ಛಾಯಾಗ್ರಾಹಕರಿಗೂ 1 ಎಂದು ಹಾಕಿರುತ್ತಾರೆ.

C ಅಂಕಣದ ಬಗ್ಗೆ ಇನ್ನೊಂದು ಮಾತು. ಸಮಿತಿಯಲ್ಲಿ ಏಳು ಮಂದಿಯಿದ್ದರೆ ಏಳು ಮಂದಿಯೂ ದಾರಿಯಲ್ಲಿ ಸಿಕ್ಕ ಪರಿಚಿತರಿಗೆ ‘ಬನ್ನಿ, ಪಾಸ್ ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿರುತ್ತಾರೆ. ಇದನ್ನು ನಿಲ್ಲಿಸಲು ಆಗುವುದಿಲ್ಲ. ಆದರೆ ಪ್ರತಿ ಸಾಲಿನಲ್ಲೂ ಹೇಳಿದವರ ಹೆಸರು ಕಾಣುವಂತೆ ಇದ್ದು, ಹಾಳೆಯನ್ನು ವಾರಕ್ಕೊಮ್ಮೆ ಸಮಿತಿಯ ಸಭೆಯಲ್ಲಿ ತೆರೆದು ತೋರಿಸಿದರೆ ಮಾತು ಕೊಡುವ ವೇಗ ತಾನಾಗಿಯೇ ಕಡಿಮೆಯಾಗುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ.

ಪ್ರಾಯೋಜಕರ ಪಾಸ್‌ಗಳು

ಪ್ರಾಯೋಜಕರಿಗೆ ಕೊಡುವುದು ಉಚಿತ ಪಾಸ್ ಎಂದು ನಾವು ಕರೆದರೂ ಅದು ನಿಜಕ್ಕೂ ಉಚಿತವಲ್ಲ. ಅವರು ಕೊಟ್ಟ ಪ್ರಾಯೋಜನೆಯ ಮೊತ್ತಕ್ಕೆ ಪ್ರತಿಯಾಗಿ ಒಪ್ಪಂದದಲ್ಲಿ ಬರೆದುಕೊಟ್ಟ ಸೌಲಭ್ಯಗಳಲ್ಲಿ ಅದೂ ಒಂದು. ಆದ್ದರಿಂದ ಎಷ್ಟು ಪಾಸ್ ಎಂಬುದರ ಜೊತೆಗೆ ಇನ್ನೆರಡು ವಾಕ್ಯಗಳು ಒಪ್ಪಂದದಲ್ಲಿಯೇ ಇರಬೇಕು. ಹೆಸರುಗಳನ್ನು ಕಾರ್ಯಕ್ರಮಕ್ಕೆ ಹತ್ತು ದಿನ ಮುಂಚೆ ಕಳುಹಿಸತಕ್ಕದ್ದು, ಆ ದಿನಾಂಕದೊಳಗೆ ಹೆಸರು ಬಾರದ ಪಾಸ್‌ಗಳು ಮಾರಾಟಕ್ಕೆ ಹಿಂದಿರುಗುತ್ತವೆ ಎಂಬುದು ಮೊದಲನೆಯದು. ಪಾಸ್‌ನವರಿಗೆ ಕಾಯ್ದಿರಿಸಿದ ಆಸನಗಳನ್ನು ಮೊದಲ ಗೋಷ್ಠಿ ಆರಂಭವಾಗಿ ಹತ್ತು ನಿಮಿಷದವರೆಗೆ ಮಾತ್ರ ಇಟ್ಟಿರಲಾಗುತ್ತದೆ ಎಂಬುದು ಎರಡನೆಯದು. ಈ ಎರಡು ವಾಕ್ಯಗಳಿಲ್ಲದ ಒಪ್ಪಂದಕ್ಕೆ ಸಹಿ ಹಾಕಿದವರು ಕೊನೆಯ ದಿನ ಖಾಲಿ ಕುರ್ಚಿಗಳನ್ನೂ ಹೊರಗೆ ನಿಂತ ಜನರನ್ನೂ ಒಟ್ಟಿಗೇ ನೋಡಬೇಕಾಗುತ್ತದೆ.

ಕೋಡ್ ಕೊಡುವುದಾದರೆ ಪ್ರತಿ ಪಾಸ್‌ಗೆ ಒಂದೇ ಸಲ ಬಳಸಬಹುದಾದ ಬೇರೆ ಬೇರೆ ಕೋಡ್ ಕೊಡಬೇಕು. ಟಿಕೆಟ್ ತಾಣದಲ್ಲಿ ಪಾಸ್‌ಗೆಂದೇ ಶೂನ್ಯ ಬೆಲೆಯ ಪ್ರತ್ಯೇಕ ವಿಧವನ್ನು ಸೃಷ್ಟಿಸಿ, ಸಾರ್ವಜನಿಕರಿಗೆ ಅದು ಕಾಣದಂತೆ ಮಾಡಬೇಕು. ಹೀಗೆ ಮಾಡಿದರೆ 750 ರೂಪಾಯಿಯ ಮಾರಾಟ ಮತ್ತು 750 ರೂಪಾಯಿಯ ರಿಯಾಯಿತಿ ಎಂಬ ಎರಡು ಸುಳ್ಳು ಅಂಕಿಗಳು ವರದಿಗೆ ಬರುವುದಿಲ್ಲ, ಮತ್ತು ಬಾಗಿಲಲ್ಲಿ ಸ್ಕ್ಯಾನ್ ಮಾಡಿದಾಗ ಪಾಸ್ ಯಾವುದು, ಟಿಕೆಟ್ ಯಾವುದು ಎಂಬುದು ಪರದೆಯ ಮೇಲೆಯೇ ತಿಳಿಯುತ್ತದೆ.

ಮಳಿಗೆ ಹಾಕುವ ಪ್ರಾಯೋಜಕರ ಸಿಬ್ಬಂದಿಯನ್ನು ಈ 56ರೊಳಗೆ ಸೇರಿಸಬಾರದು. ಅವರು ಮಳಿಗೆಯಲ್ಲಿ ನಿಲ್ಲುವವರು, ಸಭಾಂಗಣದಲ್ಲಿ ಕೂರುವವರಲ್ಲ. ಅವರಿಗೆ ಸ್ವಯಂಸೇವಕರಂತೆಯೇ ಕೆಲಸದ ಬ್ಯಾಡ್ಜ್ ಬೇರೆ ಬಣ್ಣದಲ್ಲಿ ಕೊಡಬೇಕು. ಇದನ್ನು ಮೊದಲೇ ಹೇಳದಿದ್ದರೆ ಪ್ರಾಯೋಜಕರು ತಮ್ಮ ನಾಲ್ಕು ಪಾಸ್‌ಗಳನ್ನು ಮಳಿಗೆಯ ಹುಡುಗರಿಗೆ ಕೊಟ್ಟು, ಅತಿಥಿಗಳಿಗೆಂದು ಮತ್ತೆ ನಾಲ್ಕು ಕೇಳುತ್ತಾರೆ.

ನಮ್ಮ ಉದಾಹರಣೆಯಲ್ಲಿ ಗಡುವಿನ ದಿನ 56ರಲ್ಲಿ 41 ಹೆಸರುಗಳು ಬಂದವು, ಭಾಷಣಕಾರರ ಜೊತೆಗಾರರಲ್ಲಿ 22ರ ಪೈಕಿ 13 ಹೆಸರುಗಳು ಬಂದವು ಎನ್ನೋಣ. ಉಳಿದ 15 ಮತ್ತು 9 ಸಾಲುಗಳ ಸ್ಥಿತಿಯನ್ನು RELEASED ಎಂದು ಬದಲಿಸಿದ ಕೂಡಲೇ ಸೂತ್ರವು 354 ಎಂದು ತೋರಿಸುತ್ತದೆ, ಟಿಕೆಟ್ ತಾಣದ ಮಿತಿಯನ್ನು ಅದೇ ಹೊತ್ತಿಗೆ 354ಕ್ಕೆ ಏರಿಸಬಹುದು. ಮಾರಿದರೆ 18,000 ರೂಪಾಯಿ ತರುವ 24 ಕುರ್ಚಿಗಳು ಹೀಗೆ ಕೈಗೆ ಬರುತ್ತವೆ. ಹಿಂದಿರುಗಿಸುವುದಕ್ಕೆ ಎರಡು ದಿನ ಮುಂಚೆ ಪ್ರಾಯೋಜಕರ ಕಡೆಯ ವ್ಯಕ್ತಿಗೆ ಒಮ್ಮೆ ಫೋನ್ ಮಾಡುವುದು ಒಳ್ಳೆಯದು. ಮೇಲ್ ಸಾಲದು, ಪ್ರಚಾರ ವಿಭಾಗದವರ ಮೇಲ್‌ಪೆಟ್ಟಿಗೆಯಲ್ಲಿ ನಮ್ಮಂಥವರ ಪತ್ರ ಎಲ್ಲಿ ಮುಳುಗುತ್ತದೋ ಹೇಳಲಾಗದು.

ಭಾಷಣಕಾರರು

ಇವರ ವಿಷಯದಲ್ಲಿ ತೊಡಕು ಕಡಿಮೆ. ಭಾಷಣಕಾರರನ್ನು ಯಾವ ಕಾರಣಕ್ಕೂ ಕೋಡ್ ಹಾಕಿ ನೋಂದಾಯಿಸಿಕೊಳ್ಳುವಂತೆ ಕೇಳಬಾರದು. ಅವರ ಸಾಲನ್ನು ನಾವೇ ತುಂಬಿ ಬ್ಯಾಡ್ಜನ್ನು ಸಿದ್ಧವಾಗಿಡಬೇಕು. ಜೊತೆಗೆ ಬರುವವರ ಹೆಸರನ್ನು ಪ್ರಯಾಣ ಮತ್ತು ವಸತಿಯ ವಿವರ ಕೇಳುವ ಪತ್ರದಲ್ಲಿಯೇ ಕೇಳಿದರೆ ಉತ್ತರ ಬೇಗ ಬರುತ್ತದೆ. ಹಿರಿಯ ಭಾಷಣಕಾರರನ್ನು ಕರೆತರುವ ಮಗಳೋ ಶಿಷ್ಯರೋ ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಪಾಸ್ ಇಲ್ಲವೆಂದು ಬಾಗಿಲಲ್ಲಿ ತಡೆದರೆ ಭಾಷಣಕಾರರೂ ಅಲ್ಲಿಯೇ ನಿಲ್ಲುತ್ತಾರೆ.

ಪತ್ರಕರ್ತರು

ಪತ್ರಿಕಾ ಪಾಸ್ ಕೇಳುವವರಲ್ಲಿ ಯಾರಿಗೆ ಕೊಡಬೇಕು ಎಂಬುದು ಸೂಕ್ಷ್ಮವಾದ ಪ್ರಶ್ನೆ. ಪತ್ರಿಕೆ ಅಥವಾ ವಾಹಿನಿಯ ಗುರುತಿನ ಚೀಟಿ ಇದ್ದವರ ವಿಷಯದಲ್ಲಿ, ಅಥವಾ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮಾಧ್ಯಮ ಮಾನ್ಯತೆ ಪಡೆದವರ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಹವ್ಯಾಸಿ ಬರಹಗಾರರು ಮತ್ತು ಯೂಟ್ಯೂಬ್ ವಾಹಿನಿಯವರು ಬಂದಾಗ ಮಾತ್ರ ಒಂದು ಸರಳ ನಿಯಮ ಬೇಕಾಗುತ್ತದೆ. ಕಳೆದ ಮೂರು ತಿಂಗಳಲ್ಲಿ ಪ್ರಕಟವಾದ ತಮ್ಮ ಎರಡು ವರದಿಗಳ ಕೊಂಡಿಯನ್ನು ಅಥವಾ ಸಂಪಾದಕರ ಒಂದು ಪತ್ರವನ್ನು ಕಳುಹಿಸುವಂತೆ ನಾನು ಕೇಳುತ್ತೇನೆ. ಕೆಲಸ ಮಾಡುವವರು ಅದನ್ನು ಹತ್ತು ನಿಮಿಷದಲ್ಲಿ ಕಳುಹಿಸುತ್ತಾರೆ, ಉಳಿದವರು ಮತ್ತೆ ಬರೆಯುವುದಿಲ್ಲ. ಚಂದಾದಾರರು ಎಷ್ಟು ಮಂದಿ ಎಂಬುದನ್ನು ಮಾನದಂಡ ಮಾಡಿಕೊಳ್ಳುವುದು ನನಗೆ ಸರಿಯೆನಿಸಿಲ್ಲ. ಸಣ್ಣ ಊರಿನ ಪತ್ರಿಕೆಯ ವರದಿಗಾರರು ಬರೆದಷ್ಟು ವಿವರವಾದ ವರದಿಯನ್ನು ದೊಡ್ಡ ವಾಹಿನಿಗಳು ಕೊಟ್ಟದ್ದು ಅಪರೂಪ.

ಪಾಸ್ ಸಂಸ್ಥೆಯ ಹೆಸರಿಗಿರಬೇಕೇ, ವ್ಯಕ್ತಿಯ ಹೆಸರಿಗಿರಬೇಕೇ ಎಂಬ ಪ್ರಶ್ನೆಗೆ ಇಲ್ಲಿ ಮಾತ್ರ ಉತ್ತರ ಬೇರೆ. ಸುದ್ದಿಮನೆಯಲ್ಲಿ ಯಾರನ್ನು ಯಾವ ಕೆಲಸಕ್ಕೆ ಕಳುಹಿಸಬೇಕೆಂಬುದು ಅಂದು ಬೆಳಿಗ್ಗೆ ನಿರ್ಧಾರವಾಗುವುದೇ ಹೆಚ್ಚು. ಆದ್ದರಿಂದ ಪತ್ರಿಕಾ ಪಾಸ್‌ನ ಸಾಲಿನಲ್ಲಿ ಸಂಸ್ಥೆಯ ಹೆಸರನ್ನು ಗಟ್ಟಿಯಾಗಿಟ್ಟು, ವ್ಯಕ್ತಿಯ ಹೆಸರನ್ನು ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಬದಲಿಸಲು ಅವಕಾಶ ಕೊಡಬೇಕು. ಬದಲಾವಣೆ ಎಂದರೆ ಅದೇ ಸಾಲಿನಲ್ಲಿ ಹೆಸರು ತಿದ್ದುವುದೇ ಹೊರತು ಹೊಸ ಸಾಲು ಸೇರಿಸುವುದಲ್ಲ.

ಬಾಗಿಲಲ್ಲಿ ಪಟ್ಟಿ ಹುಡುಕುವುದು

ಅತಿಥಿ ಪಟ್ಟಿಗಳು ಸೋಲುವುದು ಬಹುಪಾಲು ಹೆಸರುಗಳ ವಿಷಯದಲ್ಲಿ. ‘ನನ್ನ ಹೆಸರು ಮಂಜುನಾಥ, ಪಟ್ಟಿಯಲ್ಲಿದೆ ನೋಡಿ’ ಎಂದು ಒಬ್ಬರು ಬಂದು ನಿಲ್ಲುತ್ತಾರೆ. ಅವರ ಕಚೇರಿ ಕಳುಹಿಸಿದ ಪಟ್ಟಿಯಲ್ಲಿ ಅವರು ಎಸ್. ಆರ್. ಮಂಜುನಾಥ ಆಗಿರುತ್ತಾರೆ, ಹಾಗಾಗಿ ಅಕ್ಷರಕ್ರಮದಲ್ಲಿ ಮುದ್ರಿಸಿದ ಹಾಳೆಯಲ್ಲಿ ಮಕಾರದ ಬಳಿ ಅವರಿಲ್ಲ, ಎಸ್ ಬಳಿ ಇದ್ದಾರೆ. ಇನ್ನೊಂದು ಸಂಸ್ಥೆ ಇಂಗ್ಲಿಷಿನಲ್ಲಿ ಕಳುಹಿಸಿದ ಹೆಸರು Laxmi, ನಮ್ಮ ಸ್ವಯಂಸೇವಕಿ ಹುಡುಕುತ್ತಿರುವುದು Lakshmi. ಹಿಂದೆ ಹದಿನೈದು ಮಂದಿ ಕಾಯುತ್ತಿರುವಾಗ ‘ಇಲ್ಲ ಸಾರ್, ನಿಮ್ಮ ಹೆಸರಿಲ್ಲ’ ಎಂಬ ಮಾತು ಬಾಯಿಂದ ಬಂದುಬಿಡುತ್ತದೆ. ಅದೇ ವ್ಯಕ್ತಿ ಮುಖ್ಯ ಪ್ರಾಯೋಜಕ ಸಂಸ್ಥೆಯ ಅಧಿಕಾರಿಯಾಗಿರುವುದು ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು. ಬಾಗಿಲಿಗೆ ಕೊಡುವ ಪ್ರತಿಯಲ್ಲಿ ಪೂರ್ಣ ಸಂಖ್ಯೆಯ ಬದಲು ಈ ನಾಲ್ಕನ್ನೇ ಇಟ್ಟು, ಪಟ್ಟಿಯನ್ನು ಆ ಅಂಕಿಗಳ ಕ್ರಮದಲ್ಲಿ ಜೋಡಿಸಬೇಕು. ‘ನಿಮ್ಮ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹೇಳಿ ಸಾರ್’ ಎಂದರೆ ಯಾರಿಗೂ ಬೇಸರವಾಗುವುದಿಲ್ಲ, ಕಾಗುಣಿತದ ಗೊಂದಲವೂ ಇಲ್ಲ, ಅತಿಥಿಗಳ ಪೂರ್ಣ ಸಂಖ್ಯೆಗಳು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿರುವುದೂ ಇಲ್ಲ. F ಅಂಕಣದಿಂದ ಅದನ್ನು ತೆಗೆಯುವ ಸೂತ್ರ ಹೀಗಿದೆ:

```
=RIGHT(F2,4)
```

ಎರಡನೆಯ ಪ್ರತಿಯೊಂದನ್ನು ಸಂಸ್ಥೆಗಳ ಕ್ರಮದಲ್ಲಿ ಮುದ್ರಿಸಿಟ್ಟುಕೊಂಡಿರಬೇಕು, ಏಕೆಂದರೆ ಕಾರ್ಯದರ್ಶಿಯ ಸಂಖ್ಯೆಯನ್ನು ಕೊಟ್ಟು ತಾವು ಬರುವವರೂ ಉಂಟು. ಪಾಸ್‌ನವರಿಗೆ ಬೇರೆ ಮೇಜು ಇರುವುದು ಲೇಸು; ಒಂದು ಪಾಸ್‌ನ ತಕರಾರು ಬಗೆಹರಿಯುವುದಕ್ಕೆ ನಾಲ್ಕು ನಿಮಿಷ ಹಿಡಿದರೆ, ಹಣ ಕೊಟ್ಟು ಬಂದವರು ಅಷ್ಟು ಹೊತ್ತು ಕಾಯಬೇಕಾದ ಕಾರಣವಿಲ್ಲ. ಕೈಮೀಸಲಿನ ಆರು ಪಾಸ್‌ಗಳು ಆ ಮೇಜಿನ ಮೇಲಿರಕೂಡದು. ಅವು ಒಬ್ಬರ ಜೇಬಿನಲ್ಲಿರಬೇಕು, ‘ನಮ್ಮ ಎಂ.ಡಿ. ಹೊರಟಿದ್ದಾರೆ, ಇನ್ನೂ ಇಬ್ಬರು ಜೊತೆಗಿದ್ದಾರೆ’ ಎಂಬ ಬೆಳಗಿನ ಫೋನ್ ಬಂದಾಗ ಹೌದು ಅಥವಾ ಇಲ್ಲ ಎನ್ನುವ ಅಧಿಕಾರ ಅವರೊಬ್ಬರಿಗೇ ಇರಬೇಕು.

ಮೊದಲ ಗೋಷ್ಠಿ ಆರಂಭವಾಗಿ ಹತ್ತು ನಿಮಿಷವಾದೊಡನೆ ಕಾಯ್ದಿರಿಸಿದ ಸಾಲುಗಳ ಮೇಲಿನ ಚೀಟಿಗಳನ್ನು ತೆಗೆದುಬಿಡಬೇಕು. ಖಾಲಿಯಿರುವ ಮುಂದಿನ ಎರಡು ಸಾಲುಗಳ ಛಾಯಾಚಿತ್ರವೇ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ.

ತಾಳೆ ನೋಡುವುದು

ದಿನದ ಕೊನೆಗೆ ಮೂರು ಸಂಖ್ಯೆಗಳು ಹೊಂದಬೇಕು: ಟಿಕೆಟ್ ತಾಣದ ಸ್ಕ್ಯಾನ್, ಪಾಸ್ ಹಾಳೆಯ ಪ್ರವೇಶ, ಮತ್ತು ಬಾಗಿಲಲ್ಲಿ ಕೈಯಲ್ಲಿ ಒತ್ತುವ ಎಣಿಕೆಯ ಯಂತ್ರ. ನಮ್ಮ ಉದಾಹರಣೆಯ ಮೊದಲ ದಿನ ಮಾರಾಟವಾದ 354 ಟಿಕೆಟ್‌ಗಳಲ್ಲಿ 331 ಬಂದವು. ಪಾಸ್‌ನವರಲ್ಲಿ ಪ್ರಾಯೋಜಕರ ಕಡೆಯಿಂದ 27, ಭಾಷಣಕಾರರು ಮತ್ತು ಜೊತೆಗಾರರು 33, ಪತ್ರಕರ್ತರು 18, ಗಣ್ಯರು 5, ಕೈಮೀಸಲಿನಿಂದ 4, ಒಟ್ಟು 87. ಎರಡನ್ನೂ ಕೂಡಿದರೆ 418. ಎಣಿಕೆಯ ಯಂತ್ರ 423 ತೋರಿಸುತ್ತಿದೆ. ಈ ಐದರ ವ್ಯತ್ಯಾಸ ಎಲ್ಲಿಂದ ಬಂತೆಂದು ಅಂದೇ ಕೇಳಬೇಕು. ಕಾಫಿಗೆಂದು ಹೊರಗೆ ಹೋಗಿ ಬಂದ ಛಾಯಾಗ್ರಾಹಕರನ್ನು ಎರಡು ಸಲ ಒತ್ತಿದ್ದರೆ ಚಿಂತೆಯಿಲ್ಲ. ವ್ಯತ್ಯಾಸ ಮೂವತ್ತು ನಲವತ್ತಾದರೆ ಒಂದೇ ಪಾಸ್‌ನ ಚಿತ್ರವನ್ನು ಹಲವರು ತೋರಿಸಿ ಒಳಗೆ ಬಂದಿದ್ದಾರೆ, ಸ್ಕ್ಯಾನ್ ಮಾಡದೆ ಕಣ್ಣಲ್ಲಿ ನೋಡಿ ಬಿಟ್ಟಿದ್ದಾರೆ ಎಂದರ್ಥ. ಎರಡನೆಯ ದಿನ ಆ ಬಾಗಿಲಿಗೆ ಬೇರೆಯವರನ್ನು ಹಾಕಬೇಕು.

ಪಾಸ್ ಪಡೆದೂ ಬಾರದವರ ಸಂಖ್ಯೆಯನ್ನು ವರ್ಗವಾರು ತೆಗೆಯಲು ಇದು ಸಾಕು:

```
=COUNTIFS(B:B,"SPN",G:G,"ISSUED",I:I,"")
```

ಇಲ್ಲಿ ಉತ್ತರ 14. ಟಿಕೆಟ್ ಕೊಂಡ 354ರಲ್ಲಿ 23 ಮಂದಿ ಬಾರದಿದ್ದರೆ, ಪ್ರಾಯೋಜಕರ 41ರಲ್ಲಿ 14 ಮಂದಿ ಬಂದಿಲ್ಲ. ಇವೆರಡನ್ನೂ ಕಲಸಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ತೆರಿಗೆಯ ವಿಷಯವನ್ನು ಲೆಕ್ಕಪರಿಶೋಧಕರಿಗೆ ಬಿಡುವುದು ಕ್ಷೇಮ, ಆದರೆ ಅವರು ಕೇಳುವುದು ಇದೇ ಹಾಳೆಯನ್ನು. ಐಪಿಎಲ್ ತಂಡವೊಂದರ ಉಚಿತ ಟಿಕೆಟ್‌ಗಳಿಗೂ ಜಿಎಸ್‌ಟಿ ಅನ್ವಯಿಸುತ್ತದೆ ಎಂದು ಪಂಜಾಬಿನ ಮುಂಗಡ ತೀರ್ಪು ಪ್ರಾಧಿಕಾರ 2018ರಲ್ಲಿ ಹೇಳಿತ್ತು. ಪ್ರತಿಫಲವಿಲ್ಲದೆ ಕೊಟ್ಟದ್ದು ಹಾಗಾಗದೆಂದು ಮೇಲ್ಮನವಿಯಲ್ಲಿ ಆ ನಿಲುವು ಬದಲಾಯಿತಾದರೂ, ಸಂಬಂಧಿತ ವ್ಯಕ್ತಿಗಳಿಗೆ ಕೊಟ್ಟದ್ದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ. ಇಂಥ ತೀರ್ಪು ಅರ್ಜಿದಾರರನ್ನೂ ಅವರ ತೆರಿಗೆ ಅಧಿಕಾರಿಯನ್ನೂ ಮಾತ್ರ ಬಂಧಿಸುವಂಥದ್ದು. ಪ್ರಾಯೋಜನೆಯ ಮೊತ್ತಕ್ಕೆ ಪ್ರತಿಯಾಗಿ ಹೋದ ಪಾಸ್ ಯಾವುದು, ಏನನ್ನೂ ಪಡೆಯದೆ ಕೊಟ್ಟದ್ದು ಯಾವುದು ಎಂದು ಪರಿಶೋಧಕರು ಕೇಳಿದಾಗ B ಮತ್ತು C ಅಂಕಣಗಳೇ ಉತ್ತರ ಕೊಡುತ್ತವೆ.

ಕಾರ್ಯಕ್ರಮ ಮುಗಿದ ಒಂದು ವಾರದೊಳಗೆ ಪ್ರತಿ ಪ್ರಾಯೋಜಕರಿಗೂ ಅವರ ಪಾಲಿನ ಸಾಲುಗಳನ್ನು ಕಳುಹಿಸಬೇಕು: ಒಪ್ಪಿದ್ದು ಎಷ್ಟು, ಹೆಸರು ಬಂದದ್ದು ಎಷ್ಟು, ಬಂದವರು ಎಷ್ಟು. ಇಪ್ಪತ್ತು ಪಾಸ್ ಪಡೆದು ಒಂಬತ್ತನ್ನಷ್ಟೇ ಬಳಸಿದ ಸಂಸ್ಥೆಯವರು ಮುಂದಿನ ವರ್ಷ ಮಾತುಕತೆಗೆ ಕುಳಿತಾಗ ಹನ್ನೆರಡಕ್ಕೆ ಒಪ್ಪುವುದಕ್ಕೆ ಆ ಒಂದು ಪುಟವೇ ಸಾಕಾಗುತ್ತದೆ. ಆ ಪತ್ರ ಹೋದ ಮೇಲೆ F ಅಂಕಣದ ಮೊಬೈಲ್ ಸಂಖ್ಯೆಗಳನ್ನು ಅಳಿಸಿ, ಉಳಿದ ಹಾಳೆಯನ್ನು ತಿದ್ದಲಾಗದಂತೆ ಬೀಗ ಹಾಕಿ, ಆ ವರ್ಷದ ಲೆಕ್ಕಪತ್ರದ ಜೊತೆಗೆ ಇಡಬೇಕು.